ಬಾಣದ ಮೇಲೆ ಬರೆಯುವ ಮಾತು

ಪ್ರೌಢಶಾಲೆಯ ಮಕ್ಕಳ ಸಮಾಜ ವಿಜ್ಞಾನದ ನೋಟ್‌ಪುಸ್ತಕ ತೆರೆದು ನೋಡಿ. 1857ರ ದಂಗೆಯ ಪಾಠ ಹೆಚ್ಚುಕಡಿಮೆ ಎಲ್ಲರ ಪುಸ್ತಕದಲ್ಲೂ ಒಂದೇ ರೂಪದಲ್ಲಿರುತ್ತದೆ. ರಾಜಕೀಯ ಕಾರಣಗಳು, ಆರ್ಥಿಕ ಕಾರಣಗಳು, ಸೈನಿಕ ಕಾರಣಗಳು, ತಕ್ಷಣದ ಕಾರಣ, ಕೊನೆಗೆ ಪರಿಣಾಮಗಳು. ಒಂದೊಂದರ ಕೆಳಗೂ ನಾಲ್ಕೈದು ಅಂಶಗಳು. ಮಕ್ಕಳು ಅವನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ, “ಅವಧ್ ಸಂಸ್ಥಾನವನ್ನು ಕಂಪನಿ ಕಿತ್ತುಕೊಂಡರೆ ಬಂಗಾಳ ಸೈನ್ಯದ ಸಿಪಾಯಿಗೆ ಯಾಕೆ ಸಿಟ್ಟು ಬರಬೇಕು?” ಎಂದು ಕೇಳಿದರೆ ಸುಮ್ಮನಾಗಿಬಿಡುತ್ತಾರೆ. ಪುಸ್ತಕದಲ್ಲಿ ಅವಧ್ ಇರುವುದು ರಾಜಕೀಯ ಕಾರಣಗಳ ಪಟ್ಟಿಯಲ್ಲಿ, ಸಿಪಾಯಿ ಇರುವುದು ಸೈನಿಕ ಕಾರಣಗಳ ಪಟ್ಟಿಯಲ್ಲಿ. ಎರಡರ ನಡುವೆ ಏನೂ ಬರೆದಿರುವುದಿಲ್ಲ.

ಆ ಖಾಲಿ ಜಾಗವನ್ನು ತುಂಬಿಸುವ ಸಾಧನವೇ ಪರಿಕಲ್ಪನಾ ನಕ್ಷೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ತಂಡ 1972ರ ಸುಮಾರಿಗೆ ಇದನ್ನು ರೂಪಿಸಿತು. ಮಕ್ಕಳ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಾಗದದ ಮೇಲೆ ಕಣ್ಣಿಗೆ ಕಾಣುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ನಡುವೆ ಒಂದು ವೃತ್ತ ಬರೆದು ಸುತ್ತಲೂ ಜೇಡನ ಕಾಲಿನಂತೆ ಗೆರೆ ಎಳೆಯುವ ಚಿತ್ರವನ್ನೂ ಅನೇಕರು ಇದೇ ಹೆಸರಿನಿಂದ ಕರೆಯುತ್ತಾರೆ. ಅದು ಇದಲ್ಲ. ನೊವಾಕ್ ಅವರ ನಕ್ಷೆಯಲ್ಲಿ ಪ್ರತಿ ಗೆರೆಯ ಮೇಲೂ ಒಂದು ಮಾತು ಇರಲೇಬೇಕು. ಎರಡು ಚೌಕಗಳನ್ನೂ ನಡುವಿನ ಗೆರೆಯ ಮಾತನ್ನೂ ಸೇರಿಸಿ ಓದಿದರೆ ಒಂದು ಪೂರ್ಣ ವಾಕ್ಯವಾಗಬೇಕು. ಆ ವಾಕ್ಯ ನಿಜವೋ ಸುಳ್ಳೋ ಎಂದು ಯಾರು ಬೇಕಾದರೂ ಪರೀಕ್ಷಿಸುವಂತಿರಬೇಕು.

1857ರ ಪಾಠವನ್ನೇ ತೆಗೆದುಕೊಳ್ಳೋಣ. ಮೊದಲು ಹಾಳೆಯ ತುದಿಯಲ್ಲಿ ಒಂದು ಪ್ರಶ್ನೆ ಬರೆಯಬೇಕು. “1857ರ ದಂಗೆ” ಎಂದಷ್ಟೇ ಬರೆದರೆ ನಕ್ಷೆ ದಿಕ್ಕು ತಪ್ಪುತ್ತದೆ. “ಸೈನಿಕರ ಅಸಮಾಧಾನ ಹೇಗೆ ದೊಡ್ಡ ದಂಗೆಯಾಯಿತು, ಅದರಿಂದ ಏನೇನು ಬದಲಾಯಿತು?” ಎಂದು ಬರೆದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಆಮೇಲೆ ಪಾಠದಿಂದ ಹನ್ನೆರಡರಿಂದ ಹದಿನೈದು ಮುಖ್ಯ ಸಂಗತಿಗಳನ್ನು ಆರಿಸಿ, ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಇಸವಿಯೊಂದಿಗೆ ಬರೆದುಕೊಳ್ಳಬೇಕು. ಚೀಟಿಗಳೇ ಏಕೆಂದರೆ ಅವನ್ನು ಮತ್ತೆ ಮತ್ತೆ ಸರಿಸಬೇಕಾಗುತ್ತದೆ. ಎಡಕ್ಕೆ ಹಳೆಯವು, ಬಲಕ್ಕೆ ನಂತರದವು. ಇಷ್ಟಾದ ಮೇಲೆಯೇ ಬಾಣಗಳ ಕೆಲಸ.

ನಡುವಿನ ಸರಣಿ ಸುಲಭ. ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದೆ ಎಂಬ ಸುದ್ದಿ ಹರಡಿತು. 1857ರ ಏಪ್ರಿಲ್‌ನಲ್ಲಿ ಮೀರತ್‌ನ 85 ಸವಾರರು ತೋಟಾ ಮುಟ್ಟಲು ನಿರಾಕರಿಸಿದರು. ಮೇ 9ರಂದು ಅವರಿಗೆ ಎಲ್ಲರ ಎದುರು ಬೇಡಿ ತೊಡಿಸಿ ಸೆರೆಮನೆಗೆ ಕಳಿಸಿದರು. ಮರುದಿನವೇ ಮೀರತ್ ದಂಗೆ ಎದ್ದಿತು. ಮೇ 11ರಂದು ಸಿಪಾಯಿಗಳು ದೆಹಲಿ ತಲುಪಿದರು. ಇಲ್ಲಿ ಬಾಣದ ಮೇಲೆ “ಹೊತ್ತಿಸಿತು” ಎಂದು ಬರೆಯಬಹುದು. ಆದರೆ ಹೊತ್ತಿಸಲು ಒಣಗಿದ ಹುಲ್ಲು ಮೊದಲೇ ಇರಬೇಕಲ್ಲ? ಅದಕ್ಕೇ ನಕ್ಷೆಯ ಎಡಭಾಗ.

ಅಲ್ಲಿ ಅವಧ್‌ನ ಚೀಟಿ ಇದೆ: 1856. ಬಂಗಾಳ ಸೈನ್ಯದ ಸಿಪಾಯಿಗಳಲ್ಲಿ ಬಹಳ ಮಂದಿ ಅವಧ್‌ನ ಹಳ್ಳಿಗಳವರು. ಅವರ ಅಣ್ಣತಮ್ಮಂದಿರು ಅಲ್ಲಿ ಉಳುತ್ತಿದ್ದರು. ಕಂಪನಿಯ ಹೊಸ ಕಂದಾಯ ವ್ಯವಸ್ಥೆ ಆ ಮನೆಗಳನ್ನೂ ತಟ್ಟಿತು, ತಾಲೂಕ್‌ದಾರರ ಜಮೀನನ್ನೂ ಕಿತ್ತುಕೊಂಡಿತು. ಹಾಗಾಗಿ “ಅವಧ್ ವಶ” ಎಂಬ ಚೀಟಿಯಿಂದ “ಸಿಪಾಯಿಯ ಅಸಮಾಧಾನ” ಎಂಬ ಚೀಟಿಗೆ ಬಾಣ ಎಳೆದು, “ಅವನ ಊರಿನ ಮನೆಯನ್ನೇ ತಟ್ಟಿದ್ದರಿಂದ ಹೆಚ್ಚಿಸಿತು” ಎಂದು ಬರೆಯಬೇಕು. ಇದು ಅಡ್ಡಕೊಂಡಿ. ಪಟ್ಟಿಯಲ್ಲಿ ದೂರ ದೂರ ಕುಳಿತ ಎರಡು ಸಂಗತಿಗಳನ್ನು ಜೋಡಿಸುವ ಇಂಥ ಗೆರೆಗಳನ್ನೇ ನೊವಾಕ್ ನಿಜವಾದ ಕಲಿಕೆಯ ಗುರುತೆಂದು ಕಂಡರು. ಸಿಪಾಯಿ ಎಂದರೆ ಸಮವಸ್ತ್ರ ತೊಟ್ಟ ರೈತನೇ ಎಂಬುದು ಮಗುವಿಗೆ ಹೊಳೆಯುವುದು ಈ ಗೆರೆ ಎಳೆಯುವಾಗ.

ಎರಡನೆಯ ಪಾಠ ನಮ್ಮ ಮುಧೋಳದ ಬಳಿಯ ಹಲಗಲಿಯಿಂದ ಬರುತ್ತದೆ. ಉತ್ತರದ ದಂಗೆಗೆ ಹೆದರಿದ ಸರ್ಕಾರ 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಆಯುಧವನ್ನು ಬದುಕಿನ ಭಾಗವಾಗಿಸಿಕೊಂಡಿದ್ದ ಹಲಗಲಿಯ ಬೇಡರು ಅದನ್ನು ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರನ್ನು ಸುಟ್ಟಿತು. ಸೆರೆ ಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಪಟ್ಟಿಯ ಪುಸ್ತಕದಲ್ಲಿ ಹಲಗಲಿ “ಕರ್ನಾಟಕದಲ್ಲಿ ದಂಗೆ” ಎಂಬ ಬೇರೆ ಶೀರ್ಷಿಕೆಯ ಕೆಳಗೆ ಒಂಟಿಯಾಗಿ ಇರುತ್ತದೆ. ನಕ್ಷೆಯಲ್ಲಿ ಅದಕ್ಕೆ ತನ್ನ ಜಾಗ ಸಿಗುತ್ತದೆ. ಮೀರತ್‌ನ ಪರಿಣಾಮವಾಗಿ ಬಂದ ಕಾಯ್ದೆ, ಹಲಗಲಿಗೆ ಕಾರಣವಾಯಿತು. ಕಾರಣ, ಘಟನೆ, ಪರಿಣಾಮ ಎಂಬವು ಮೂರು ಡಬ್ಬಿಗಳಲ್ಲ. ಒಂದೇ ಚೀಟಿಗೆ ಒಂದು ಬಾಣ ಒಳಬರುತ್ತದೆ, ಇನ್ನೊಂದು ಹೊರಹೋಗುತ್ತದೆ.

ತಪ್ಪುಗಳು ಎಲ್ಲಿ ಆಗುತ್ತವೆ? ಮಕ್ಕಳು “ದತ್ತು ಮಕ್ಕಳಿಗೆ ಹಕ್ಕಿಲ್ಲ” ಎಂಬ ಡಾಲ್‌ಹೌಸಿಯ ನೀತಿಯಿಂದ ಸತಾರಾ, ಝಾನ್ಸಿ, ಅವಧ್ ಮೂರಕ್ಕೂ ಬಾಣ ಎಳೆಯುತ್ತಾರೆ. ಸತಾರಾ, ಝಾನ್ಸಿಗೆ ಅದು ಸರಿ. ಅವಧ್‌ನಲ್ಲಿ ದತ್ತಿನ ಪ್ರಶ್ನೆಯೇ ಇರಲಿಲ್ಲ. ನವಾಬ ವಾಜಿದ್ ಅಲಿ ಷಾ ಬದುಕಿದ್ದಾಗಲೇ, ಆಡಳಿತ ಸರಿಯಿಲ್ಲವೆಂಬ ನೆಪ ಹೇಳಿ ರಾಜ್ಯ ಕಿತ್ತುಕೊಂಡರು. ಬಾಣದ ಮೇಲೆ “ಇದರಂತೆ ವಶವಾಯಿತು” ಎಂದು ಬರೆದು ಗಟ್ಟಿಯಾಗಿ ಓದಿದಾಗ ತಪ್ಪು ಸಿಕ್ಕಿಬೀಳುತ್ತದೆ. ಇನ್ನು ಕೆಲವರು ಕಿತ್ತೂರಿನ ಚೀಟಿಯನ್ನೂ ಡಾಲ್‌ಹೌಸಿಗೇ ಜೋಡಿಸುತ್ತಾರೆ. ಕಿತ್ತೂರಿನ ದತ್ತು ವಿವಾದ, ಚೆನ್ನಮ್ಮನ ಹೋರಾಟ 1824ರದು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಬಾಣ ಬಲದಿಂದ ಎಡಕ್ಕೆ ಓಡಿದರೆ ಅದು ಕಾರಣವಲ್ಲ. ಇದಕ್ಕೇ ಪ್ರತಿ ಚೀಟಿಯ ಮೇಲೂ ಇಸವಿ ಬೇಕು.

ಪರಿಣಾಮಗಳ ಕಡೆ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಬರುತ್ತದೆ. 1858ರಲ್ಲಿ ಕಂಪನಿಯ ಆಡಳಿತ ಕೊನೆಗೊಂಡಿತು. ನವೆಂಬರ್ 1ರ ರಾಣಿಯ ಘೋಷಣೆ ಸಂಸ್ಥಾನಗಳನ್ನು ಇನ್ನು ನುಂಗುವುದಿಲ್ಲವೆಂದು ಭರವಸೆ ಕೊಟ್ಟಿತು. ಮುಂದೆ ರಾಜರ ದತ್ತು ಸ್ವೀಕಾರಕ್ಕೂ ಮಾನ್ಯತೆ ದೊರೆಯಿತು. 1831ರಲ್ಲಿ ಆಡಳಿತ ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು. 1881ರಲ್ಲಿ ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಗೆ ಮೈಸೂರು ಮರಳಿತು. ಹಾಗಾದರೆ 1857ರಿಂದ 1881ಕ್ಕೆ ಬಾಣ ಎಳೆಯಬಹುದೇ? ಎಳೆಯಬಹುದು, ಆದರೆ ನೇರವಾಗಿ ಅಲ್ಲ, “ಉಂಟುಮಾಡಿತು” ಎಂಬ ಮಾತಿನಿಂದಲೂ ಅಲ್ಲ. ರಾಣಿಯ ಘೋಷಣೆಯ ಚೀಟಿಯನ್ನು ಹಾದು, “ದಾರಿ ಸುಗಮವಾಯಿತು” ಎಂದು ಬರೆಯಬೇಕು. ದತ್ತನ್ನು ಒಪ್ಪಿಸಲು ಒಡೆಯರು ವರ್ಷಗಳ ಕಾಲ ಬರೆದುಕೊಳ್ಳಬೇಕಾಯಿತು. ಆ ಪಾಲನ್ನು ಬಾಣ ನುಂಗಿಬಿಡಬಾರದು.

ಈ ಕ್ರಿಯಾಪದಗಳೇ ನಕ್ಷೆಯ ಜೀವ. “ಹೊತ್ತಿಸಿತು”, “ಹೆಚ್ಚಿಸಿತು”, “ನೆಪವಾಯಿತು”, “ದಾರಿ ಸುಗಮಗೊಳಿಸಿತು”: ಒಂದೊಂದರ ತೂಕವೂ ಬೇರೆ. ಎಲ್ಲ ಗೆರೆಯ ಮೇಲೂ “ಕಾರಣವಾಯಿತು” ಎಂದೇ ಬರೆದಿದ್ದರೆ ನಕ್ಷೆ ಬರೀ ಬಾಣ ಇಟ್ಟ ಪಟ್ಟಿ ಎಂದರ್ಥ. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ನಕಲು ಮಾಡಿದರೂ ಅಷ್ಟೇ. ಚೀಟಿಗಳನ್ನು ಮೇಷ್ಟ್ರು ಕೊಡಲಿ, ಬಾಣದ ಮೇಲಿನ ಮಾತನ್ನು ಮಕ್ಕಳು ಹುಡುಕಲಿ. ಒಂದು ಬೆಂಚಿನ ಮೂವರು “ಹೊತ್ತಿಸಿತೋ, ಹೆಚ್ಚಿಸಿತೋ” ಎಂದು ವಾದಿಸುತ್ತಾ ಪುಸ್ತಕದ ಪುಟ ತಿರುಗಿಸಿ ಇಸವಿ ಹುಡುಕತೊಡಗಿದರೆ, ಅವರು ಆ ಹೊತ್ತಿಗೆ ಇತಿಹಾಸಕಾರರು ಮಾಡುವ ಕೆಲಸವನ್ನೇ ಮಾಡುತ್ತಿದ್ದಾರೆ.