ಗಲ್ಫ್ ಕೆಲಸ: ಟಿಕೆಟ್ ದುಡ್ಡು ಯಾರದು?

ಕರಾವಳಿಯಲ್ಲಿ ಹುಡುಗನೊಬ್ಬ ಗಲ್ಫ್‌ಗೆ ಹೊರಟನೆಂದರೆ ನೆರೆಯವರು ಮೊದಲು ಕೇಳುವುದು, “ವೀಸಾಕ್ಕೆ ಎಷ್ಟು ಕೊಟ್ಟೆ ಮಾರಾಯ?” ಎಂದು. ವೀಸಾ ಎನ್ನುವುದು ಕೆಲಸಗಾರ ಕೊಂಡುಕೊಳ್ಳುವ ಸರಕು ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಸೌದಿಯ ಕಾರ್ಮಿಕ ಕಾನೂನಿನ 40ನೇ ಕಲಂ ಹೇಳುವುದು ಬೇರೆ. ಹೊರದೇಶದ ಕೆಲಸಗಾರನನ್ನು ಕರೆಸಿಕೊಳ್ಳುವ ಖರ್ಚು, ಇಕಾಮಾ, ಕೆಲಸದ ಪರವಾನಗಿ, ಕೆಲಸ ಮುಗಿದ ಮೇಲೆ ಊರಿಗೆ ಮರಳುವ ಟಿಕೆಟ್, ಇವೆಲ್ಲ ಮಾಲೀಕನ ಹೊಣೆ. ಯುಎಇಯ 2021ರ ಕಾನೂನು ಕೂಡ ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರನಿಂದ ವಸೂಲಿ ಮಾಡಬಾರದು ಎನ್ನುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುಂದಾಪುರದ ಕಡೆಯ ಹುಡುಗ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸೆಂಟ್ರಿಂಗ್ ಕೆಲಸದಲ್ಲಿ ಕೈ ಪಳಗಿದೆ. ಪೇಟೆಯ ಏಜೆಂಟ್ ಹೇಳುತ್ತಾನೆ: ದಮ್ಮಾಮ್‌ನಲ್ಲಿ ಕಂಪನಿ, ತಿಂಗಳಿಗೆ 1,200 ರಿಯಾಲ್, ಊಟ-ರೂಮು ಫ್ರೀ. ವೀಸಾ, ಟಿಕೆಟ್ ಎಲ್ಲ ಸೇರಿ 1,40,000 ರೂಪಾಯಿ. ಅರ್ಧ ಈಗ, ಅರ್ಧ ವೀಸಾ ಬಂದ ಮೇಲೆ. ಪಾಸ್‌ಪೋರ್ಟ್ ಇವತ್ತೇ ಬಿಟ್ಟು ಹೋಗು.

ಇಲ್ಲಿ ಹುಡುಗ ಮೊದಲು ಕೇಳಬೇಕಾದ್ದು ಲೈಸೆನ್ಸ್ ನಂಬರು. 1983ರ ವಲಸೆ ಕಾಯಿದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳಿಸುವವರು ವಿದೇಶಾಂಗ ಸಚಿವಾಲಯದ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರಂಟ್ಸ್ ಅವರಲ್ಲಿ ನೋಂದಾಯಿಸಿರಬೇಕು. ಜಿಎಸ್‌ಟಿ ನಂಬರು, ಅಂಗಡಿ ಪರವಾನಗಿ, ಗೋಡೆಯ ಮೇಲೆ ಚೌಕಟ್ಟು ಹಾಕಿ ನೇತುಹಾಕಿದ ಕಂಪನಿ ಸರ್ಟಿಫಿಕೇಟ್ ಯಾವುದೂ ಅದಕ್ಕೆ ಸಮವಲ್ಲ. emigrate.gov.in ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಲೈಸೆನ್ಸ್ ಚಾಲ್ತಿಯಲ್ಲಿದೆಯೋ, ಅವಧಿ ಮುಗಿದಿದೆಯೋ, ಅಮಾನತಾಗಿದೆಯೋ ಅಲ್ಲಿ ಗೊತ್ತಾಗುತ್ತದೆ.

ಆದರೆ ಹೆಚ್ಚಿನವರು ಎಡವುವುದು ಲೈಸೆನ್ಸ್ ಇಲ್ಲದ ಕಡೆಯಲ್ಲಲ್ಲ, ಬೇರೆಯವರ ಲೈಸೆನ್ಸ್ ತೋರಿಸಿದ ಕಡೆಯಲ್ಲಿ. ಪೇಟೆಯ ಏಜೆಂಟ್ ತನ್ನ ಮೊಬೈಲಿನಲ್ಲಿ ಮುಂಬೈಯ ಯಾವುದೋ ಸಂಸ್ಥೆಯ ಲೈಸೆನ್ಸಿನ ಫೋಟೊ ತೆಗೆದು “ನಾವು ಅವರ ಬ್ರಾಂಚ್” ಎನ್ನುತ್ತಾನೆ. ನೋಂದಣಿ ಇಲ್ಲದ ಸಬ್ ಏಜೆಂಟನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಹಾಗಾಗಿ ಜಾಲತಾಣದಲ್ಲಿರುವ ವಿಳಾಸ, ಫೋನ್ ನಂಬರನ್ನು ಬರೆದುಕೊಂಡು ಆ ನಂಬರಿಗೇ ಫೋನ್ ಮಾಡಬೇಕು. ಏಜೆಂಟ್ ಕೊಟ್ಟ ಕಾರ್ಡಿನಲ್ಲಿರುವುದಕ್ಕಲ್ಲ. ಕೇಳಬೇಕಾದ್ದು ಎರಡೇ ಮಾತು: ಈ ಕಂಪನಿಗೆ ಈ ಕೆಲಸಕ್ಕೆ ನೀವು ಜನ ತೆಗೆದುಕೊಳ್ಳುತ್ತಿದ್ದೀರಾ? ಈ ಊರಿನ ಈ ಮನುಷ್ಯ ನಿಮ್ಮವನಾ? “ಹೆಸರು ಕೇಳಿದ ಹಾಗಿದೆ” ಎಂಬಂಥ ಉತ್ತರ ಬಂದರೆ ಪಾಸ್‌ಪೋರ್ಟ್ ವಾಪಸ್ ತೆಗೆದುಕೊಂಡು ಬರಬೇಕು.

ನಮ್ಮ ಹುಡುಗ ಹತ್ತನೇ ಕ್ಲಾಸು ಪಾಸಾಗಿಲ್ಲವಾದ್ದರಿಂದ ಅವನ ಪಾಸ್‌ಪೋರ್ಟ್ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದದ್ದು. ಇಂಥವರು ಕೆಲಸಕ್ಕೆಂದು ಹೋಗುವಾಗ ಅನುಮತಿ ಪಡೆಯಲೇಬೇಕಾದ 18 ದೇಶಗಳಿವೆ. ಸೌದಿ, ಯುಎಇ, ಕುವೈತ್, ಕತಾರ್, ಓಮನ್, ಬಹರೈನ್ ಆರೂ ಅದರಲ್ಲಿ ಸೇರಿವೆ. ಈ ಅನುಮತಿಯನ್ನು ಬಹಳ ಜನ ಒಂದು ಮುದ್ರೆ ಎಂದುಕೊಂಡಿದ್ದಾರೆ. ಅದರ ಹಿಂದೆ ಒಂದು ಸರಪಳಿಯೇ ಇದೆ. ಅಲ್ಲಿನ ಮಾಲೀಕ ಇ-ಮೈಗ್ರೇಟ್‌ನಲ್ಲಿ ತನ್ನ ಕಂಪನಿ ನೋಂದಾಯಿಸಿ, ಇಂತಿಷ್ಟು ಜನ, ಇಂಥ ಕೆಲಸ, ಇಷ್ಟು ಸಂಬಳ ಎಂದು ಬೇಡಿಕೆ ಹಾಕಬೇಕು. ಲೈಸೆನ್ಸ್ ಇರುವ ಏಜೆಂಟ್ ಅದರ ಮೇಲೆ ಜನ ಹುಡುಕಬೇಕು. ಆ ಬೇಡಿಕೆಗೆ ತಾಳೆಯಾಗುವ ಕರಾರುಪತ್ರದ ಮೇಲೆ ಅನುಮತಿ ಸಿಗುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಆಗುತ್ತದೆ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷದವರೆಗೆ.

“ಸದ್ಯ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಬದಲಾಯಿಸುತ್ತಾರೆ” ಎಂದು ಏಜೆಂಟ್ ಹೇಳಿದ ಕ್ಷಣ ಈ ಸರಪಳಿಯೆಲ್ಲ ಕಳಚಿಬೀಳುತ್ತದೆ. ಬೇಡಿಕೆ ಇಲ್ಲ, ದಾಖಲಾದ ಕರಾರಿಲ್ಲ, ಈ ವಿಮೆ ಇಲ್ಲ. ದಾಖಲೆಯಲ್ಲಿ ಹುಡುಗ ಕೆಲಸಗಾರನೇ ಅಲ್ಲ, ಊರು ನೋಡಲು ಹೋದವನು. ದುಬೈಯಲ್ಲಾದರೆ ಅವಧಿ ಮೀರಿದ ಒಂದೊಂದು ದಿನಕ್ಕೂ 50 ದಿರ್ಹಂ ದಂಡ ಬೆಳೆಯುತ್ತಾ ಹೋಗುತ್ತದೆ.

ಹತ್ತನೇ ಕ್ಲಾಸು ಪಾಸಾದವರಿಗೆ ಈ ಅನುಮತಿ ಬೇಕಿಲ್ಲ. ಅದು ಅನುಕೂಲವೆಂದು ತೋರುತ್ತದೆ, ಆದರೆ ಅವರ ಕರಾರನ್ನು ಹೊರಡುವ ಮುಂಚೆ ನೋಡುವ ಸರ್ಕಾರಿ ಕಣ್ಣೂ ಇಲ್ಲ ಎಂದೇ ಅದರ ಅರ್ಥ. ಡಿಪ್ಲೊಮಾ, ಐಟಿಐ ಮುಗಿಸಿದ ಹುಡುಗರು ಇನ್ನಷ್ಟು ಎಚ್ಚರದಿಂದ ತಾವೇ ಓದಿಕೊಳ್ಳಬೇಕು.

ಕರಾರಿನಲ್ಲಿ ಏನಿರಬೇಕೆಂದು ನಮ್ಮ ವಲಸೆ ನಿಯಮಗಳೇ ಹೇಳುತ್ತವೆ: ಕೆಲಸದ ಜಾಗ ಮತ್ತು ಅವಧಿ, ಸಂಬಳ, ಊಟ ಅಥವಾ ಊಟದ ಭತ್ಯೆ, ಉಚಿತ ವಸತಿ, ಕೆಲಸದ ಗಂಟೆ, ಓವರ್‌ಟೈಮ್, ರಜೆ, ತಕರಾರು ಬಂದರೆ ಬಗೆಹರಿಸುವ ಬಗೆ. ಹೋಗಿಬರುವ ವಿಮಾನ ಟಿಕೆಟ್ ಮಾಲೀಕನ ಖರ್ಚು ಎಂಬುದೂ ಅದರಲ್ಲಿರಬೇಕು. ಕೆಲಸಗಾರ ಸತ್ತರೆ ದೇಹವನ್ನು ಊರಿಗೆ ತಲುಪಿಸುವ ಏರ್ಪಾಡೂ ಇರಬೇಕು. ಅಶುಭವೆಂದು ಆ ಸಾಲನ್ನು ದಾಟಿಸಿ ಓದಬೇಡಿ. ಸಂಬಳದ ಸಾಲಿನಲ್ಲಿ ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಎಂದು ಬಿಡಿಸಿ ನೋಡಬೇಕು. ಸೌದಿಯಲ್ಲಿ ಓವರ್‌ಟೈಮಿನ ಲೆಕ್ಕದಲ್ಲಿ ಮೂಲ ಸಂಬಳಕ್ಕೆ ತೂಕವಿದೆ. ಬಾಯಲ್ಲಿ 1,200 ಎಂದು ಹೇಳಿ ಕಾಗದದಲ್ಲಿ ಮೂಲ ಸಂಬಳ 800 ಎಂದಿದ್ದರೆ ವ್ಯತ್ಯಾಸ ಪ್ರತಿ ತಿಂಗಳೂ ಕಾಣುತ್ತದೆ. ವೀಸಾದಲ್ಲಿ ಬರೆದ ಹುದ್ದೆಗೂ ಕರಾರಿನ ಹುದ್ದೆಗೂ ಹೊಂದಿಕೆ ಬೇಕು. ಕಾಗದದಲ್ಲಿ ಮನೆಗೆಲಸದವನೆಂದಿದ್ದರೆ ಕಟ್ಟಡದ ಕಂಪನಿಯಲ್ಲಿ ದುಡಿಯುವುದೇ ಅಕ್ರಮವಾಗಿ, ದೂರು ಕೊಡಲೂ ಬಾಯಿ ಕಟ್ಟುತ್ತದೆ.

ಇನ್ನು ದುಡ್ಡು. ಲೈಸೆನ್ಸ್ ಇರುವ ಏಜೆಂಟ್ ಸೇವಾಶುಲ್ಕವೆಂದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 35,400 ತೆಗೆದುಕೊಳ್ಳಬಹುದು. ಅದಕ್ಕೆ ರಸೀದಿ ಕೊಡಲೇಬೇಕು. ನಮ್ಮ ಹುಡುಗನಿಗೆ ಹೇಳಿದ್ದು 1,40,000. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತೆಗೆದರೆ ಮೊದಲ ತಿಂಗಳ ಬಡ್ಡಿಯೇ 4,200. ತಿಂಗಳಿಗೆ 15,000 ಕಟ್ಟಿದರೂ ಸಾಲ ತೀರುವುದು ಹನ್ನೆರಡನೇ ತಿಂಗಳಿಗೆ. ಎರಡು ವರ್ಷದ ಕರಾರಿನಲ್ಲಿ ಒಂದು ವರ್ಷ ಏಜೆಂಟನಿಗಾಗಿ ದುಡಿದಂತೆ. 35,400 ಆಗಿದ್ದರೆ ಮೂರನೇ ತಿಂಗಳಿಗೆ ಮುಗಿಯುತ್ತಿತ್ತು. ಆ ಸಾಲವೇ ಮುಂದೆ ಸಂಬಳ ಕಡಿಮೆ ಮಾಡಿದರೂ, ಕೆಲಸ ಬದಲಿಸಿದರೂ ಹುಡುಗನನ್ನು ಅಲ್ಲೇ ಕಟ್ಟಿಹಾಕುವ ಹಗ್ಗ.

ಏಜೆಂಟ್ “ರಸೀದಿ ಕೊಡಲಾಗುವುದಿಲ್ಲ, ನಗದೇ ಬೇಕು” ಎಂದರೆ ಅಲ್ಲಿಗೆ ಮಾತು ನಿಲ್ಲಿಸಬಹುದು. ಈಗಾಗಲೇ ಕೊಟ್ಟಾಗಿದ್ದರೆ ಯುಪಿಐ ದಾಖಲೆ, ವಾಟ್ಸಾಪ್ ಧ್ವನಿ ಸಂದೇಶ, ಕಾರ್ಡಿನ ಫೋಟೊ ಯಾವುದನ್ನೂ ಅಳಿಸಬಾರದು. ಅವುಗಳೊಂದಿಗೆ ಪೊಲೀಸ್ ಠಾಣೆಗೂ ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೂ ದೂರು ಕೊಡಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ಹೊರಡುವ ಮುನ್ನ ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆ, ರಸೀದಿ ಐದರ ಪ್ರತಿಯೂ ಮನೆಯಲ್ಲಿ ಉಳಿಯಲಿ. ಅಲ್ಲಿ ಇಳಿದ ದಿನವೇ ಕಡಿಮೆ ಸಂಬಳದ ಇನ್ನೊಂದು ಕಾಗದ ಮುಂದಿಟ್ಟು ಸಹಿ ಹಾಕು ಎಂದರೆ, ಹಳೆಯ ಕರಾರು ತೋರಿಸಿ ರಾಯಭಾರ ಕಚೇರಿಯಲ್ಲಿ ಮಾತಾಡಲು ಊರಿನಲ್ಲಿ ಅಮ್ಮನ ಹತ್ತಿರ ಇರುವ ಆ ಪ್ರತಿಯೇ ಬೇಕಾಗುತ್ತದೆ.