ಅಜ್ಜಿಯ ಸರದಿ ಅಜ್ಜಿಗೇ

ಅಜ್ಜಿ, ಅಪ್ಪ, ಹೈಸ್ಕೂಲಿನ ಮಗಳು, ಮೂರನೇ ಕ್ಲಾಸಿನ ಮಗ. ಇಂಥ ಮನೆಯವರು ಒಟ್ಟಿಗೆ ಆಡಲು ಯಾವ ಆಟ ಒಗ್ಗುತ್ತದೆ? ಕಬಡ್ಡಿ ಮೈಬಲದ ಆಟ. ಅಲ್ಲಿ ತೂಕಕ್ಕೂ ವಯಸ್ಸಿಗೂ ತಕ್ಕಂತೆ ತಂಡ ಕಟ್ಟುತ್ತಾರೆ, ಅಜ್ಜಿ ಮೊಮ್ಮಕ್ಕಳನ್ನು ಒಂದೇ ಅಂಕಣಕ್ಕೆ ಇಳಿಸುವಂತಿಲ್ಲ. ಬ್ಯಾಡ್ಮಿಂಟನ್ ಪರವಾಗಿಲ್ಲ, ಆದರೆ ಡಬಲ್ಸ್‌ನಲ್ಲಿ ಒಂದು ತೊಡಕಿದೆ. ಚೆನ್ನಾಗಿ ಆಡುವವರು ಜೊತೆಗಾರರ ಕಡೆಗೆ ಬಂದ ಶಟಲ್‌ಗೂ ಓಡಿಹೋಗಿ ತಾವೇ ಹೊಡೆಯಬಹುದು, ನಿಯಮ ಅದನ್ನು ತಡೆಯುವುದಿಲ್ಲ. ಹತ್ತು ನಿಮಿಷದಲ್ಲಿ ಅಜ್ಜಿ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತಾರೆ.

ಟೇಬಲ್ ಟೆನಿಸ್ ಡಬಲ್ಸ್‌ನಲ್ಲಿ ಹಾಗಾಗುವುದಿಲ್ಲ. ಒಂದು ಜೋಡಿಯ ಇಬ್ಬರೂ ಚೆಂಡನ್ನು ಒಬ್ಬರಾದ ಮೇಲೆ ಒಬ್ಬರು ಹೊಡೆಯಲೇಬೇಕು. ಸರದಿ ತಪ್ಪಿಸಿ ಹೊಡೆದರೆ ಪಾಯಿಂಟ್ ಎದುರಾಳಿಗೆ. ಅಜ್ಜಿಯ ಸರದಿ ಬಂದಾಗ ಅಜ್ಜಿಯೇ ಹೊಡೆಯಬೇಕು, ಮಗಳು ಎಷ್ಟೇ ಚುರುಕಾಗಿದ್ದರೂ ಕೈ ಹಾಕುವಂತಿಲ್ಲ. ನನಗೆ ತಿಳಿದಂತೆ ಮನೆಮಂದಿಗೆ ಇದಕ್ಕಿಂತ ನ್ಯಾಯವಾದ ನಿಯಮ ಬೇರೆ ಆಟದಲ್ಲಿಲ್ಲ. ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್‌ನಲ್ಲೋ ಊರಿನ ಕ್ಲಬ್ಬಿನಲ್ಲೋ ಒಂದು ಟಿಟಿ ಟೇಬಲ್ ಇದ್ದೇ ಇರುತ್ತದೆ. ಅದರ ಮುಂದೆ ನಾಲ್ವರೂ ನಿಂತ ಮೇಲೆ ಈ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಒಂದು ಕಡೆ ಅಪ್ಪ ಮತ್ತು ಚಿಕ್ಕ ಮಗ, ಇನ್ನೊಂದು ಕಡೆ ಮಗಳು ಮತ್ತು ಅಜ್ಜಿ ಎಂದಿಟ್ಟುಕೊಳ್ಳಿ. ಪ್ರತಿ ಜೋಡಿಯಲ್ಲೂ ಒಬ್ಬರು ಬಲ್ಲವರು, ಒಬ್ಬರು ಹೊಸಬರು. ಮೊದಲು ಅಪ್ಪ ಸರ್ವ್ ಮಾಡುತ್ತಾರೆ. ಡಬಲ್ಸ್‌ನಲ್ಲಿ ಸರ್ವ್ ಮಾಡಿದ ಚೆಂಡು ತನ್ನ ಬಲ ಅರ್ಧದಲ್ಲಿ ಪುಟಿದು, ಓರೆಯಾಗಿ ನೆಟ್ ದಾಟಿ, ಎದುರಿನವರ ಬಲ ಅರ್ಧದಲ್ಲಿ ಬೀಳಬೇಕು. ಟೇಬಲ್ಲಿನ ನಡುವೆ ಉದ್ದಕ್ಕೂ ಎಳೆದಿರುವ ಸಣ್ಣ ಬಿಳಿ ಗೆರೆ ಇದಕ್ಕಾಗಿಯೇ ಇರುವುದು. ಸರ್ವ್ ಆದ ಮೇಲೆ ಆ ಗೆರೆಗೆ ಕೆಲಸವಿಲ್ಲ, ಚೆಂಡನ್ನು ಎಲ್ಲಿ ಬೇಕಾದರೂ ಹಾಕಬಹುದು.

ಅಪ್ಪನ ಸರ್ವ್ ಅನ್ನು ಮಗಳು ಎದುರಿಸಿದಳು ಅನ್ನಿ. ಅವಳು ಹೊಡೆದದ್ದನ್ನು ಚಿಕ್ಕವನು ಹೊಡೆಯಬೇಕು, ಚಿಕ್ಕವನದನ್ನು ಅಜ್ಜಿ, ಅಜ್ಜಿಯದನ್ನು ಮತ್ತೆ ಅಪ್ಪ. ಆ ಗೇಮ್‌ನಲ್ಲಿ ಇದೇ ಸುತ್ತು. ಇದರಿಂದ ಆಗುವ ಪರಿಣಾಮವನ್ನು ಎಷ್ಟೋ ಜನ ಗಮನಿಸಿರುವುದಿಲ್ಲ: ನೀವು ಯಾರ ಚೆಂಡನ್ನು ಎದುರಿಸಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಅಜ್ಜಿಗೆ ಬರುವುದೆಲ್ಲ ಚಿಕ್ಕವನ ಮೆತ್ತಗಿನ ಚೆಂಡುಗಳು. ಅಪ್ಪನ ಬಿರುಸಿನ ಹೊಡೆತಗಳೆಲ್ಲ ಮಗಳಿಗೆ. ಆದರೆ ಮಗಳು ಸ್ಪಿನ್ ಮಾಡಿ ಕಳಿಸಿದ್ದನ್ನೆಲ್ಲ ಎದುರಿಸಬೇಕಾದವನು ಚಿಕ್ಕವನು. ಕಷ್ಟ ಅವನ ಪಾಲಿಗೆ, ಹಾಗಾಗಿ ಈ ಗೇಮ್ ಅಜ್ಜಿಯ ಜೋಡಿಯ ಕಡೆಗೆ ವಾಲುತ್ತದೆ.

ಮೊದಲ ಗೇಮ್‌ನಲ್ಲಿ ಸರ್ವ್ ಯಾರು ಮಾಡಬೇಕೆಂದು ಒಂದು ಜೋಡಿ ತೀರ್ಮಾನಿಸುತ್ತದೆ, ಅದನ್ನು ಯಾರು ಎದುರಿಸಬೇಕೆಂದು ಇನ್ನೊಂದು ಜೋಡಿ. ಮೇಲಿನ ಉದಾಹರಣೆಯಲ್ಲಿ ಮಗಳು ಜಾಣತನದಿಂದ ತಾನೇ ಮುಂದೆ ಬಂದಳು. ಎರಡನೇ ಗೇಮ್‌ಗೆ ಸುತ್ತು ತಿರುಗುಮುರುಗಾಗುತ್ತದೆ. ಆಗ ಅಪ್ಪನ ಚೆಂಡು ಅಜ್ಜಿಗೆ, ಅಜ್ಜಿಯದು ಚಿಕ್ಕವನಿಗೆ, ಚಿಕ್ಕವನದು ಮಗಳಿಗೆ, ಮಗಳದು ಅಪ್ಪನಿಗೆ. ಈಗ ಕಷ್ಟ ಅಜ್ಜಿಯದು, ಲಾಭ ಅಪ್ಪನ ಜೋಡಿಯದು. ಪಂದ್ಯ ಸಮವಾಗಿ ಕೊನೆಯ ನಿರ್ಣಾಯಕ ಗೇಮ್‌ಗೆ ಬಂದರೆ, ಯಾವುದಾದರೂ ಜೋಡಿ 5 ಪಾಯಿಂಟ್ ಮುಟ್ಟಿದಾಗ ಜಾಗ ಬದಲಾಗುತ್ತದೆ, ಚೆಂಡು ಎದುರಿಸುವ ಕ್ರಮವೂ ಬದಲಾಗುತ್ತದೆ. ಒಂದೇ ಸುತ್ತಿನ ಅನುಕೂಲ ಯಾರಿಗೂ ಕೊನೆಯವರೆಗೆ ದಕ್ಕುವುದಿಲ್ಲ.

ಮನೆಯಲ್ಲಿ ಆಡುವಾಗ ಈ ಕೊನೆಯ ನಿಯಮವನ್ನು ಪ್ರತಿ ಗೇಮ್‌ಗೂ ತಂದರೆ ಒಳ್ಳೆಯದು. ಗೇಮ್ 11 ಪಾಯಿಂಟಿಗೆ, ಒಬ್ಬೊಬ್ಬರಿಗೂ ಎರಡೆರಡು ಸರ್ವ್, 10-10 ಆದ ಮೇಲೆ ಒಂದೊಂದೇ ಸರ್ವ್ ಮತ್ತು ಎರಡು ಪಾಯಿಂಟ್ ಮುನ್ನಡೆ ಸಿಗುವವರೆಗೆ ಆಟ. ಇದು ಮಾಮೂಲಿ ಲೆಕ್ಕ. ಇದರ ಮಧ್ಯೆ ಯಾರಾದರೂ 5 ಮುಟ್ಟಿದೊಡನೆ, ಸರ್ವ್ ಎದುರಿಸಬೇಕಾದ ಜೋಡಿಯ ಇಬ್ಬರು ತಮ್ಮೊಳಗೆ ಸ್ಥಾನ ಬದಲಿಸಿಕೊಂಡರೆ ಸಾಕು, ಇಡೀ ಸುತ್ತು ತಿರುಗುತ್ತದೆ. ಒಂದೇ ಗೇಮ್ ಆಡಿ ಎದ್ದು ಹೋಗುವ ಮನೆಯಲ್ಲೂ ನಾಲ್ವರಿಗೂ ಕಷ್ಟ ಸುಖ ಹಂಚಿಹೋಗುತ್ತದೆ.

ಹೊಸದಾಗಿ ಡಬಲ್ಸ್ ಆಡುವವರು ಸೋಲುವುದು ಹೆಚ್ಚಾಗಿ ಹೊಡೆತದಿಂದಲ್ಲ, ಕಾಲಿನಿಂದ. ಹೊಡೆದವರು ಅಲ್ಲೇ ನಿಂತುಬಿಡುತ್ತಾರೆ, ಜೊತೆಗಾರರಿಗೆ ಜಾಗವೇ ಇರುವುದಿಲ್ಲ. ಹೊಡೆದ ಕೂಡಲೇ ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ಅಜ್ಜಿಗೆ ಮಂಡಿನೋವಿದ್ದರೆ ಅವರು ಟೇಬಲ್ಲಿಗೆ ಹತ್ತಿರವೇ ಇರಲಿ, ಮಗಳು ಅವರ ಹಿಂದಿನಿಂದ ಬಂದು ಹೊಡೆದು ಮತ್ತೆ ಹಿಂದೆ ಸರಿಯಲಿ. ಮನೆಯಲ್ಲಿ ಎಡಗೈಯವರೊಬ್ಬರಿದ್ದರೆ ಅವರನ್ನು ಬಲಗೈಯವರ ಜೊತೆ ಹಾಕಿ. ಬಲಗೈಯವರು ಟೇಬಲ್ಲಿನ ಎಡಮೂಲೆಯ ಕಡೆ, ಎಡಗೈಯವರು ಬಲಮೂಲೆಯ ಕಡೆ ನಿಂತರೆ ಇಬ್ಬರಿಗೂ ಕೈ ಬೀಸಲು ಜಾಗ ಸಿಗುತ್ತದೆ, ಡಿಕ್ಕಿಯಾಗುವುದೂ ಕಡಿಮೆ.

ಸರದಿಯ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಸರಿಪಡಿಸಲಾಗದ ಒಂದು ಅಸಮಾನತೆ ಉಳಿಯುತ್ತದೆ. ಅದು ಬ್ಯಾಟಿನಲ್ಲಿದೆ.

1952ರಲ್ಲಿ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಶಿಪ್ ಬಾಂಬೆಯಲ್ಲಿ ನಡೆಯಿತು. ಆಗ ಎಲ್ಲರ ಬ್ಯಾಟಿನ ಮೇಲೂ ಇದ್ದದ್ದು ಪುಟ್ಟ ಪುಟ್ಟ ಉಬ್ಬುಗಳಿದ್ದ ತೆಳು ರಬ್ಬರ್. ಚೆಂಡು ತಾಗಿದರೆ ಟಕ್ ಎಂದು ಸದ್ದು ಬರುತ್ತಿತ್ತು. ಜಪಾನಿನ ಹಿರೋಜಿ ಸಾಟೋ ಮಾತ್ರ ದಪ್ಪ ಸ್ಪಂಜು ಅಂಟಿಸಿದ ಬ್ಯಾಟ್ ತಂದಿದ್ದರು. ಅದರಲ್ಲಿ ಸದ್ದಿಲ್ಲ, ಚೆಂಡಿನ ವೇಗ ಊಹೆಗೆ ಸಿಗುತ್ತಿರಲಿಲ್ಲ. ಪುರುಷರ ಸಿಂಗಲ್ಸ್ ಪ್ರಶಸ್ತಿ ಸಾಟೋ ಪಾಲಾಯಿತು, ಆಟದ ಸ್ವರೂಪವೇ ಬದಲಾಯಿತು. ಇಂದು ಅಂಗಡಿಯಲ್ಲಿ ಸಿಗುವ ಒಳ್ಳೆಯ ಬ್ಯಾಟುಗಳಲ್ಲಿ ಸ್ಪಂಜಿನ ಮೇಲೆ ನುಣುಪಾದ ರಬ್ಬರ್ ಇರುತ್ತದೆ. ಅದು ಚೆಂಡನ್ನು ಹಿಡಿದು ತಿರುಗಿಸುತ್ತದೆ, ಹಾಗೆಯೇ ಎದುರಿನಿಂದ ತಿರುಗುತ್ತಾ ಬಂದ ಚೆಂಡಿಗೂ ಸುಲಭವಾಗಿ ಮಣಿಯುತ್ತದೆ. ಕೋಚಿಂಗ್‌ಗೆ ಹೋಗುವ ಮಗಳ ಕೈಯಲ್ಲಿ ಅದು ವರ. ಅದೇ ಬ್ಯಾಟನ್ನು ಅಜ್ಜಿಗೆ ಕೊಟ್ಟರೆ ಮಗಳ ಸ್ಪಿನ್ ಎಲ್ಲ ಅಜ್ಜಿಯ ಬ್ಯಾಟಿಗೆ ಕಚ್ಚಿ ಚೆಂಡು ಎಲ್ಲೋ ಹಾರುತ್ತದೆ.

ಸ್ಪಂಜಿಲ್ಲದ, ಉಬ್ಬು ಹೊರಗಿರುವ ಹಳೆಯ ಬಗೆಯ ಬ್ಯಾಟ್ ಈಗಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಆಟಗಾರರು ಇದನ್ನು ಪಿಂಪಲ್ಸ್ ರಬ್ಬರ್ ಎನ್ನುತ್ತಾರೆ. ಅದಕ್ಕೆ ಸ್ಪಿನ್ ಅಷ್ಟಾಗಿ ಅಂಟುವುದಿಲ್ಲ, ಹೊಡೆತವೂ ನಿಧಾನ. ನಾಲ್ವರಿಗೂ ಇಂಥದ್ದೇ ಕೊಟ್ಟರೆ ರ‍್ಯಾಲಿಗಳು ಉದ್ದವಾಗುತ್ತವೆ. ಮಗಳು ಒಪ್ಪದಿದ್ದರೆ ಅಜ್ಜಿಗೂ ಚಿಕ್ಕವನಿಗೂ ಮಾತ್ರ ಕೊಡಿ. ಇದನ್ನು ಕೈಲಾಗದವರ ಬ್ಯಾಟ್ ಎಂದು ಯಾರೂ ಅನ್ನುವಂತಿಲ್ಲ. ಲಕ್ಸೆಂಬರ್ಗಿನ ನಿ ಷಿಯಾಲಿಯಾನ್ ಆಡುವುದೇ ಉದ್ದ ಪಿಂಪಲ್ಸ್ ಇರುವ ಬ್ಯಾಟಿನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 61ನೇ ವಯಸ್ಸಿನಲ್ಲಿ ಅವರು ಮೊದಲ ಸುತ್ತಿನ ಪಂದ್ಯ ಗೆದ್ದರು. ಜಪಾನಿನಲ್ಲಿ ಹಿರಿಯರಿಗಾಗಿ ಬೆಳೆಸಿದ ಒಂದು ಬಗೆಯ ಟಿಟಿಯಲ್ಲಂತೂ ನುಣುಪು ರಬ್ಬರಿಗೆ ಅವಕಾಶವೇ ಇಲ್ಲ. ಚೆಂಡು 40 ಮಿಲಿಮೀಟರ್ ಬದಲು 44, ನೆಟ್ ಎರಡು ಸೆಂಟಿಮೀಟರ್ ಹೆಚ್ಚು ಎತ್ತರ. ಎಲ್ಲವೂ ಚೆಂಡನ್ನು ನಿಧಾನ ಮಾಡುವುದಕ್ಕಾಗಿ.

ಆದರೂ ಸ್ಪಿನ್ ಪೂರ್ತಿ ಮಾಯವಾಗುವುದಿಲ್ಲ, ಅದನ್ನು ಗುರುತಿಸುವುದನ್ನು ಕಲಿಯಬೇಕು. ನೀವು ಸರಿಯಾಗಿಯೇ ಹೊಡೆದಿರಿ ಅನ್ನಿಸಿದರೂ ಚೆಂಡು ಮತ್ತೆ ಮತ್ತೆ ನೆಟ್ಟಿಗೆ ಬೀಳುತ್ತಿದ್ದರೆ ಎದುರಿನವರು ಚೆಂಡಿನ ಅಡಿಯನ್ನು ಕೊಯ್ದು ಹಿಂದಕ್ಕೆ ತಿರುಗಿಸಿದ್ದಾರೆ. ಬ್ಯಾಟಿನ ಮುಖವನ್ನು ಸ್ವಲ್ಪ ಆಕಾಶಕ್ಕೆ ಮಾಡಿ, ಮೆಲ್ಲಗೆ ತಳ್ಳಿ. ಚೆಂಡು ಮೇಲಕ್ಕೆ ಚಿಮ್ಮಿ ಟೇಬಲ್ ದಾಟಿ ಹೋಗುತ್ತಿದ್ದರೆ ಅದು ಮುಂದಕ್ಕೆ ಉರುಳುವ ಸ್ಪಿನ್, ಬ್ಯಾಟಿನ ಮುಖ ಟೇಬಲ್ಲಿನ ಕಡೆಗೆ ಬಾಗಿರಲಿ. ಎದುರಿನವರ ಬ್ಯಾಟ್ ಕೆಳಗಿಳಿಯಿತೋ ಮೇಲೇರಿತೋ ಎಂದು ನೋಡುವ ಅಭ್ಯಾಸ ಬಂದರೆ ಚೆಂಡು ಬರುವ ಮೊದಲೇ ಗೊತ್ತಾಗುತ್ತದೆ.

ಕುರ್ಚಿಯಲ್ಲಿ ಕುಳಿತೇ ಆಡಬೇಕಾದವರು ಮನೆಯಲ್ಲಿದ್ದರೆ ಪ್ಯಾರಾ ಟೇಬಲ್ ಟೆನಿಸ್‌ನಿಂದ ಎರಡು ನಿಯಮ ತೆಗೆದುಕೊಳ್ಳಬಹುದು. ಗಾಲಿಕುರ್ಚಿಯಲ್ಲಿರುವವರಿಗೆ ಮಾಡಿದ ಸರ್ವ್ ಅವರ ಕಡೆ ಪುಟಿದು ನೆಟ್ಟಿನತ್ತ ವಾಪಸ್ ಬಂದರೆ ಲೆಕ್ಕಕ್ಕಿಲ್ಲ, ಮತ್ತೆ ಸರ್ವ್ ಮಾಡಬೇಕು. ಸಿಂಗಲ್ಸ್‌ನಲ್ಲಿ ಸರ್ವ್ ಪಕ್ಕದ ಅಂಚಿನಿಂದ ಹೊರಗೆ ಹೋದರೂ ಹಾಗೆಯೇ. ಡಬಲ್ಸ್‌ನಲ್ಲಾದರೆ ಗಾಲಿಕುರ್ಚಿಯವರಿರುವ ಜೋಡಿ ಸರ್ವ್ ಮತ್ತು ಅದರ ಮೊದಲ ಉತ್ತರದವರೆಗೆ ಸರದಿ ಪಾಲಿಸಿ, ಆಮೇಲೆ ಇಬ್ಬರಲ್ಲಿ ಯಾರು ಬೇಕಾದರೂ ಹೊಡೆಯಬಹುದು. ಒಬ್ಬರು ಇನ್ನೊಬ್ಬರ ಅರ್ಧಕ್ಕೆ ನುಗ್ಗುವಂತಿಲ್ಲ ಅಷ್ಟೇ. ಗುಜರಾತಿನ ಭಾವಿನಾ ಪಟೇಲ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಗಾಲಿಕುರ್ಚಿಯ ಸಿಂಗಲ್ಸ್‌ನಲ್ಲಿ.

ಹೆಣ್ಣು ಗಂಡು, ಹಿರಿಯ ಕಿರಿಯ ಜೋಡಿ ಈ ಆಟಕ್ಕೆ ಹೊಸದಲ್ಲ. ಮಿಶ್ರ ಡಬಲ್ಸ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂದದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಚಿನ್ನ ಗೆದ್ದ ಜಪಾನಿನ ಜೋಡಿಯಲ್ಲಿ ಮಿಮಾ ಇಟೊಗೆ 20 ವರ್ಷ, ಜುನ್ ಮಿಜುತಾನಿಗೆ 32. ಇಬ್ಬರೂ ಇವಾಟ ಎಂಬ ಒಂದೇ ಊರಿನವರು. ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಕೂಡ ಮಿಶ್ರ ಡಬಲ್ಸ್‌ನಲ್ಲಿ ಹೆಸರು ಮಾಡಿದವರು. ಪ್ಯಾರಿಸ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ ಭಾರತದ ಮಹಿಳಾ ತಂಡದಲ್ಲಿ ಅವರಿದ್ದರು.

ಟೇಬಲ್ ಎಲ್ಲಿಂದ ತರುವುದು ಎಂದು ಕೇಳುವವರಿಗೆ: ಅಳತೆಯ ಟೇಬಲ್ ಸುಮಾರು ಒಂಬತ್ತು ಅಡಿ ಉದ್ದ, ಐದು ಅಡಿ ಅಗಲ, 76 ಸೆಂಟಿಮೀಟರ್ ಎತ್ತರ. ಹಿಂದೆ ನಿಲ್ಲಲು ಎರಡೂ ಕಡೆ ಐದಾರು ಅಡಿಯಾದರೂ ಬೇಕು, ಆದ್ದರಿಂದ ಹೆಚ್ಚಿನ ಮನೆಗಳಲ್ಲಿ ಅದು ಹಿಡಿಸುವುದಿಲ್ಲ. ಊಟದ ಮೇಜಿಗೆ ನೆಟ್ ಸಿಕ್ಕಿಸಿ ಇಬ್ಬರು ಅಭ್ಯಾಸ ಮಾಡಬಹುದು. ಮೇಜು ಆಟಕ್ಕೆ ಆಗುತ್ತದೋ ಇಲ್ಲವೋ ನೋಡಲು ಚೆಂಡನ್ನು 30 ಸೆಂಟಿಮೀಟರ್ ಎತ್ತರದಿಂದ ಕೈಬಿಡಿ. ನಿಯಮದ ಪ್ರಕಾರ ಅದು ಸುಮಾರು 23 ಸೆಂಟಿಮೀಟರ್ ಪುಟಿಯಬೇಕು, ಅದೂ ಎಲ್ಲ ಕಡೆ ಒಂದೇ ರೀತಿ. ಕ್ಲಬ್ಬಿನ ಹಳೆಯ ಟೇಬಲ್ಲಿಗೂ ಇದೇ ಪರೀಕ್ಷೆ ಮಾಡಿ. ತೇವ ಹೀರಿ ಉಬ್ಬಿದ ಕಡೆ ಚೆಂಡು ಸತ್ತಂತೆ ಪುಟಿಯುತ್ತದೆ.

ನಾಲ್ವರ ಡಬಲ್ಸ್‌ಗೆ ಮಾತ್ರ ಪೂರ್ತಿ ಅಳತೆಯ ಟೇಬಲ್ಲೇ ಬೇಕು. ಈ ಭಾನುವಾರ ಎರಡು ಪಿಂಪಲ್ಸ್ ಬ್ಯಾಟ್ ಕೊಂಡುಕೊಂಡು ಹತ್ತಿರದ ಟೇಬಲ್ಲಿಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಮೊದಲ ಸರ್ವ್ ಅಜ್ಜಿಯದಾಗಲಿ.