ಅರ್ಧ ಹೃದಯಕ್ಕೆ ಹದಿಹರೆಯ ಬಂದಾಗ

ಫ್ರಾನ್ಸಿನ ಬೋರ್ಡೋ ನಗರದಲ್ಲಿ 1968ರಲ್ಲಿ ಫ್ರಾನ್ಸಿಸ್ ಫಾಂಟಾನ್ ಎಂಬ ಶಸ್ತ್ರವೈದ್ಯರು 12 ವರ್ಷದ ಹುಡುಗಿಯೊಬ್ಬಳಿಗೆ ಆಪರೇಷನ್ ಮಾಡಿದರು. ಅವಳ ಹೃದಯದ ಬಲಭಾಗದಲ್ಲಿ ಮೇಲ್ಕೋಣೆಯಿಂದ ಕೆಳಕೋಣೆಗೆ ಇರಬೇಕಾದ ಕವಾಟ ಹುಟ್ಟಿನಿಂದಲೇ ಇರಲಿಲ್ಲ. ಬಾಗಿಲೇ ಇಲ್ಲದ ಮೇಲೆ ಕೆಳಗಿನ ಕೋಣೆಯೂ ಬೆಳೆಯುವುದಿಲ್ಲ. ವೈದ್ಯರು ಇದನ್ನು ಟ್ರೈಕಸ್ಪಿಡ್ ಅಟ್ರೀಶಿಯಾ ಎನ್ನುತ್ತಾರೆ. ಹೃದಯದ ಎರಡು ಪಂಪುಗಳಲ್ಲಿ ಶ್ವಾಸಕೋಶಕ್ಕೆ ರಕ್ತ ದೂಡುವ ಪಂಪು ಇಲ್ಲವಾಗಿ, ಎಡಗಡೆಯದೊಂದೇ ಉಳಿದಿತ್ತು. ಫಾಂಟಾನ್ ಹೊಸ ಪಂಪು ಕಟ್ಟಲು ಹೋಗಲಿಲ್ಲ. ದೇಹದಿಂದ ಮರಳಿ ಬರುವ ರಕ್ತವನ್ನು ಕೆಳಕೋಣೆಯ ಹಂಗಿಲ್ಲದೆ ಶ್ವಾಸಕೋಶದತ್ತ ತಿರುಗಿಸಿದರು. ಹುಡುಗಿ ಬದುಕಿದಳು. ಅವರು 1971ರಲ್ಲಿ ಅದನ್ನು ಪ್ರಕಟಿಸಿದ ಮೇಲೆ ಆ ಶಸ್ತ್ರಕ್ರಿಯೆಗೆ ಅವರ ಹೆಸರೇ ನಿಂತಿತು.

ಒಂದು ಪಂಪಿಲ್ಲದೆಯೂ ಬದುಕು ಸಾಗುತ್ತದೆ ಎಂಬುದು ಅಂದಿನ ಅಚ್ಚರಿ. ಹಾಗೆ ಸಾಗುವುದಕ್ಕೆ ದೇಹ ತೆರುವ ಬೆಲೆಯೇನು ಎಂಬುದು ಇಂದಿನ ಪ್ರಶ್ನೆ. ಚಿಕ್ಕಂದಿನಲ್ಲಿ ಆಪರೇಷನ್ ಆದ ಮಕ್ಕಳು ಹದಿನಾಲ್ಕು, ಹದಿನೈದಕ್ಕೆ ಕಾಲಿಟ್ಟಾಗ ಅದು ಮುನ್ನೆಲೆಗೆ ಬರುತ್ತದೆ.

ಈಗ ಈ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಸಾಮಾನ್ಯವಾಗಿ ಮೂರು ಹಂತ ಬೇಕು. ಅದಕ್ಕೊಂದು ಕಾರಣವಿದೆ. ಹುಟ್ಟಿದ ಮಗುವಿನ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ಸಡಿಲಗೊಳ್ಳಲು ಕೆಲವು ವಾರ, ತಿಂಗಳು ಬೇಕು. ಅಷ್ಟರವರೆಗೆ ಪಂಪಿನ ಒತ್ತಾಸೆಯಿಲ್ಲದೆ ರಕ್ತ ಅವುಗಳೊಳಗೆ ನುಗ್ಗಲಾರದು. ಹಾಗಾಗಿ ಮೊದಲ ಹಂತದ್ದು ಕಾಲ ದೂಡುವ ಉಪಾಯ. ಶ್ವಾಸಕೋಶಕ್ಕೆ ರಕ್ತ ಕಡಿಮೆ ಹೋಗುತ್ತಿದ್ದರೆ, ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶದ ರಕ್ತನಾಳಕ್ಕೆ ಮೂರೂವರೆ ಮಿಲಿಮೀಟರಿನಷ್ಟು ಅಗಲದ ಗೋರ್‌ಟೆಕ್ಸ್ ಕೊಳವೆ ಹೊಲಿಯುತ್ತಾರೆ. ಹೆಚ್ಚು ಹೋಗುತ್ತಿದ್ದರೆ ಶ್ವಾಸಕೋಶದ ರಕ್ತನಾಳಕ್ಕೆ ಪಟ್ಟಿ ಬಿಗಿದು ತಡೆಯುತ್ತಾರೆ. ಒಳ್ಳೆಯ ರಕ್ತವೂ ನೀಲಿರಕ್ತವೂ ಬೆರೆತು ಓಡಾಡುವುದರಿಂದ ಆಗ ಮಗುವಿನ ಆಮ್ಲಜನಕದ ಮಟ್ಟ 75ರಿಂದ 85ರ ನಡುವೆ ಇರುತ್ತದೆ.

ನಾಲ್ಕರಿಂದ ಆರು ತಿಂಗಳಿಗೆ ಎರಡನೆಯ ಹಂತ. ಅಮೆರಿಕದ ವಿಲಿಯಂ ಗ್ಲೆನ್ 1958ರಲ್ಲಿ ವರದಿ ಮಾಡಿದ ವಿಧಾನದ ಸುಧಾರಿಸಿದ ರೂಪ ಇದು. ತಲೆ ಮತ್ತು ಕೈಗಳಿಂದ ನೀಲಿರಕ್ತ ತರುವ ಮೇಲಿನ ಮಹಾನಾಳವನ್ನು ಹೃದಯದಿಂದ ಬಿಡಿಸಿ ನೇರವಾಗಿ ಶ್ವಾಸಕೋಶದ ರಕ್ತನಾಳಕ್ಕೆ ಹೊಲಿಯುತ್ತಾರೆ. ಎಳೆಮಗುವಿನದು ದೊಡ್ಡ ತಲೆ, ಪುಟ್ಟ ಕಾಲು. ಅದರ ರಕ್ತದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮೇಲ್ಭಾಗದಿಂದಲೇ ಬರುವುದರಿಂದ ಸದ್ಯಕ್ಕೆ ಇಷ್ಟೇ ಸಾಕಾಗುತ್ತದೆ. ಕಾಲು ಉದ್ದವಾದಂತೆ ಲೆಕ್ಕ ತಪ್ಪುತ್ತದೆ. ಕೆಳಗಿನಿಂದ ಬರುವ ನೀಲಿರಕ್ತದ ಪಾಲು ಏರಿ, ಮಗುವಿನ ತುಟಿ, ಉಗುರು ಮತ್ತೆ ನೀಲಿಗಟ್ಟುತ್ತವೆ. ನಮ್ಮ ದೇಶದಲ್ಲಿ ತಡವಾಗಿ ಆಸ್ಪತ್ರೆಗೆ ಬಂದು ಈ ಹಂತದಲ್ಲೇ ವರ್ಷಗಟ್ಟಲೆ ಉಳಿದುಬಿಡುವ ಮಕ್ಕಳು ಕಡಿಮೆಯಿಲ್ಲ.

ಎರಡರಿಂದ ನಾಲ್ಕು ವರ್ಷದ ಹೊತ್ತಿಗೆ ಮೂರನೆಯದು, ಅಂದರೆ ಫಾಂಟಾನ್. ಕೆಳಗಿನ ಮಹಾನಾಳದ ರಕ್ತವನ್ನು 18 ಅಥವಾ 20 ಮಿಲಿಮೀಟರಿನ ಕೊಳವೆಯ ಮೂಲಕ ಹೃದಯದ ಹೊರಗಿನಿಂದಲೇ ಶ್ವಾಸಕೋಶಕ್ಕೆ ಸೇರಿಸುತ್ತಾರೆ. ಫಾಂಟಾನ್ ಮೊದಲು ಮಾಡಿದ್ದು ಹೀಗಲ್ಲ. ಬಲ ಮೇಲ್ಕೋಣೆಯೇ ಪಂಪಿನ ಕೆಲಸ ಮಾಡೀತೆಂದು ನೆಚ್ಚಿ ಅವರು ಅದನ್ನೇ ದಾರಿಯಾಗಿ ಬಳಸಿದ್ದರು. ವರ್ಷಗಳು ಕಳೆದಂತೆ ಆ ಕೋಣೆ ಉಬ್ಬಿ, ರಕ್ತ ಅಲ್ಲೇ ಸುಳಿಗಟ್ಟಿ, ಎದೆಬಡಿತ ಹದಗೆಡತೊಡಗಿತು. ಅದರ ಮಿಡಿತ ನೆರವಾಗುವ ಬದಲು ಹರಿವಿನ ಶಕ್ತಿಯನ್ನೇ ತಿನ್ನುತ್ತದೆ ಎಂದು ಲಂಡನ್ನಿನ ಮಾರ್ಕ್ ಡಿ ಲೆವಲ್ 1988ರಲ್ಲಿ ತೋರಿಸಿದರು. ನೇರ ಕೊಳವೆಯ ಕಾಲ ಶುರುವಾದದ್ದು ಅಲ್ಲಿಂದ.

ಇಷ್ಟಾದ ಮೇಲೆ ಆಮ್ಲಜನಕದ ಮಟ್ಟ 90 ದಾಟುತ್ತದೆ, ಮಗು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. "ಇನ್ನು ಹಾರ್ಟ್ ಸರಿಹೋಯ್ತಲ್ವಾ ಡಾಕ್ಟ್ರೇ?" ಎಂದು ತಂದೆತಾಯಿ ಕೇಳುವುದು ಆಗಲೇ. ಸರಿಹೋಗಿರುವುದಿಲ್ಲ. ಹೃದಯ ಮೊದಲಿನ ಹಾಗೇ ಒಂಟಿ ಪಂಪಿನದು, ಬದಲಾಗಿರುವುದು ರಕ್ತದ ದಾರಿ ಮಾತ್ರ.

ಆ ದಾರಿಯಲ್ಲಿ ರಕ್ತ ಹರಿಯುವುದಾದರೂ ಹೇಗೆ? ಮೋಟರಿಲ್ಲದ ಮನೆಯಲ್ಲಿ ಚಾವಣಿಯ ಟ್ಯಾಂಕಿನಿಂದ ನಲ್ಲಿಗೆ ನೀರು ಬರುವಂತೆ, ಒಂದು ತುದಿಯ ಒತ್ತಡ ಇನ್ನೊಂದು ತುದಿಗಿಂತ ಹೆಚ್ಚಿದ್ದರೆ ಮಾತ್ರ. ಬಿ.ಪಿ. ಅಳೆಯುವ ಪಾದರಸದ ಮಿಲಿಮೀಟರಿನಲ್ಲೇ ಲೆಕ್ಕ ಹಾಕೋಣ. ನಮ್ಮ ನಿಮ್ಮಂಥವರಲ್ಲಿ ಹೃದಯಕ್ಕೆ ಮರಳುವ ನೀಲಿರಕ್ತದ ಒತ್ತಡ ಸುಮಾರು 5. ಬಲಗಡೆಯ ಪಂಪು ಅದನ್ನು ಸರಾಸರಿ 15ರಷ್ಟಕ್ಕೆ ಏರಿಸಿ ಶ್ವಾಸಕೋಶದ ಮೂಲಕ ದಾಟಿಸುತ್ತದೆ. ಫಾಂಟಾನ್ ಆದವರಲ್ಲಿ ಏರಿಸುವವರಿಲ್ಲ. ಆದ್ದರಿಂದ ಮಹಾನಾಳಗಳಲ್ಲೇ ಒತ್ತಡ ಹಗಲೂ ರಾತ್ರಿ 12, 13ರಷ್ಟು ನಿಲ್ಲಬೇಕು.

ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಕ್ಯಾತೆಟರ್ ಹಾಕಿ ನೋಡಿದಾಗ ಅವಳ ಮಹಾನಾಳದಲ್ಲಿ 13, ಶ್ವಾಸಕೋಶ ದಾಟಿದ ಮೇಲೆ ಎಡ ಮೇಲ್ಕೋಣೆಯಲ್ಲಿ 7. ನಡುವಿನ 6 ಮಿಲಿಮೀಟರೇ ಅವಳ ರಕ್ತವನ್ನೆಲ್ಲ ಶ್ವಾಸಕೋಶದ ಮೂಲಕ ಸಾಗಿಸುತ್ತಿದೆ. ಕುಳಿತಿರುವಾಗ ಅದು ಸಾಕು. ಅವಳು ಓಡತೊಡಗಿದರೆ ದೇಹ ಮೂರು ಪಟ್ಟು ರಕ್ತ ಕೇಳುತ್ತದೆ. ಶ್ವಾಸಕೋಶದ ನಾಳಗಳು ಇನ್ನಷ್ಟು ಅರಳದಿದ್ದರೆ 6ರ ಜಾಗದಲ್ಲಿ 18ರ ಅಂತರ ಬೇಕು, ಎಂದರೆ ಮಹಾನಾಳದಲ್ಲಿ 25. ನಾಳಗಳು ಕೊಂಚ ಅರಳುತ್ತವೆ, ಕಾಲಿನ ಮಾಂಸಖಂಡಗಳು ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತವೆ, ದೀರ್ಘ ಉಸಿರು ಅದನ್ನು ಎದೆಯೊಳಕ್ಕೆ ಸೆಳೆಯುತ್ತದೆ. ಇಷ್ಟೆಲ್ಲ ನೆರವಿದ್ದರೂ ಬೇಕಾದಷ್ಟು ರಕ್ತ ಎಡಗಡೆಗೆ ತಲುಪುವುದಿಲ್ಲ. ಪಂಪು ವೇಗವಾಗಿ ಬಡಿಯುತ್ತದೆ, ಆದರೆ ಒಳಗೆ ತುಂಬಿಕೊಂಡಿರುವುದೇ ಕಡಿಮೆ. ಟ್ರೆಡ್‌ಮಿಲ್ ಮೇಲೆ ಇಂಥ ಮಕ್ಕಳು ಬಳಸುವ ಗರಿಷ್ಠ ಆಮ್ಲಜನಕ ಓರಗೆಯವರದ್ದರಲ್ಲಿ ನೂರಕ್ಕೆ ಅರವತ್ತು, ಅರವತ್ತೈದರಷ್ಟಿರುವುದು ಇದರಿಂದಲೇ.

ಇನ್ನೊಂದು ಸಂದರ್ಭ ನೋಡಿ. ಒಂಟಿಯಾಗಿ ದುಡಿದ ಪಂಪು ಪೆಡಸಾಗುತ್ತ ಬಂದು ಎಡ ಮೇಲ್ಕೋಣೆಯ ಒತ್ತಡ 7ರಿಂದ 11ಕ್ಕೆ ಏರಿತು ಎನ್ನಿ. ಅದೇ 6ರ ಅಂತರ ಉಳಿಯಬೇಕಾದರೆ ಮಹಾನಾಳದಲ್ಲಿ 17 ಆಗಬೇಕು. ಕವಾಟ ಸೋರಿದರೂ, ಕೊಳವೆ ಒಂದು ಕಡೆ ಕಿರಿದಾದರೂ, ಎದೆಬಡಿತದ ಲಯ ತಪ್ಪಿದರೂ ಕೊನೆಗೆ ಏರುವುದು ಅದೇ ಅಂಕಿ. ಮೂರು ವರ್ಷಕ್ಕೆ ಹಾಕಿದ ಕೊಳವೆ ಮಗುವಿನೊಂದಿಗೆ ಬೆಳೆಯುವುದೂ ಇಲ್ಲ. ಹದಿಹರೆಯದಲ್ಲಿ ಮೈ ದಿಢೀರನೆ ಬೆಳೆದು ರಕ್ತದ ಬೇಡಿಕೆ ಹೆಚ್ಚಿದಾಗ ಈ ಇಕ್ಕಟ್ಟು ಬಿಗಿಯಾಗುತ್ತದೆ.

ಈ ಒತ್ತಡ ಮೊದಲು ಬೀಳುವುದು ಲಿವರಿನ ಮೇಲೆ. ಅದರ ರಕ್ತನಾಳಗಳು ಕೊಳವೆಯ ಬುಡದಲ್ಲೇ ಮಹಾನಾಳಕ್ಕೆ ತೆರೆದುಕೊಂಡಿರುತ್ತವೆ. ಫಾಂಟಾನ್ ಆಗಿ ಹತ್ತು ವರ್ಷ ದಾಟಿದವರ ಲಿವರಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲು ಎಲ್ಲರಲ್ಲೂ ಒಂದಿಷ್ಟು ನಾರುಗಟ್ಟಿರುವುದು ಕಾಣುತ್ತದೆ. ರಕ್ತಪರೀಕ್ಷೆಯಲ್ಲಿ ಮಾತ್ರ ಲಿವರ್ ಎನ್ಜೈಮುಗಳು ಸರಿಯಾಗಿಯೇ ಇರಬಹುದು. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್ ಕೂಡ ಇಲ್ಲಿ ಮೋಸ ಮಾಡುತ್ತದೆ. ರಕ್ತ ಕಟ್ಟಿಕೊಂಡು ಬಿಗಿದ ಲಿವರನ್ನೂ ಅದು ನಾರುಗಟ್ಟಿದ ಲಿವರ್ ಎಂದೇ ಓದುತ್ತದೆ. ಒಂದು ಸಲದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಆಗುವ ಬದಲಾವಣೆಯನ್ನು ನಂಬಬೇಕು. ವಿರಳವಾಗಿ ಈ ನಾರುಗಟ್ಟುವಿಕೆ ಲಿವರ್ ಕ್ಯಾನ್ಸರ್‌ಗೂ ತಿರುಗುತ್ತದೆ, ಅದೂ ಎಳೆಯ ವಯಸ್ಸಿನಲ್ಲೇ. ಹಾಗಾಗಿ ಹೃದಯದ ಎಕೋ ಒಂದನ್ನೇ ಮಾಡಿಸಿ ಎಲ್ಲ ಚೆನ್ನಾಗಿದೆ ಎಂದುಕೊಂಡು ಮನೆಗೆ ಬಂದರೆ ತಪಾಸಣೆ ಅರ್ಧಕ್ಕೇ ನಿಂತಂತೆ. ಈ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ತಪ್ಪಬಾರದು, ದೊಡ್ಡವರಾದ ಮೇಲೆ ಮದ್ಯವೂ ಸಲ್ಲದು.

ಎರಡನೆಯ ತೊಂದರೆ ಅಪರೂಪ, ಆದರೆ ಕ್ರೂರ. ದೇಹದ ದುಗ್ಧರಸ ಕೊನೆಗೆ ಸೇರುವುದು ಕತ್ತಿನ ಬುಡದಲ್ಲಿರುವ ನೀಲಿರಕ್ತದ ನಾಳಕ್ಕೆ. ಅಲ್ಲಿ ಒತ್ತಡ ಜಾಸ್ತಿಯಿದ್ದರೆ ದುಗ್ಧರಸ ಹಿಂದಕ್ಕೆ ತುಂಬಿಕೊಂಡು ಕರುಳಿನೊಳಕ್ಕೆ ಸೋರುತ್ತದೆ. ಜೊತೆಗೆ ಪ್ರೋಟೀನೂ ಹೊರಟುಹೋಗುತ್ತದೆ. ಮುಖ ಊದುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಮುಖ ಊದಿದ ಮಗುವನ್ನು ನೋಡಿದವರಿಗೆ ಮೊದಲು ಹೊಳೆಯುವುದು ಕಿಡ್ನಿ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತದಲ್ಲಿ ಅಲ್ಬುಮಿನ್ ಮಾತ್ರ 3ಕ್ಕಿಂತ ಕೆಳಗಿಳಿದಿದೆ ಎಂದಾದರೆ ಕರುಳಿನ ಕಡೆ ತಿರುಗಬೇಕು. ಮಲದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನನ್ನು ಅಳೆದರೆ ಸೋರಿಕೆ ಖಚಿತವಾಗುತ್ತದೆ. ಆಮೇಲೆ ಕೊಳವೆಯಲ್ಲಿ ಎಲ್ಲಾದರೂ ಇಕ್ಕಟ್ಟಾಗಿದೆಯೇ, ಬಡಿತ ಕೆಟ್ಟಿದೆಯೇ ಎಂದು ಹುಡುಕಿ ಮೊದಲು ಅದನ್ನು ಸರಿಪಡಿಸುತ್ತಾರೆ. ಬ್ಯುಡೆಸೊನೈಡ್ ಎಂಬ ಸ್ಟಿರಾಯ್ಡ್ ಕೆಲವರಿಗೆ ಹಿಡಿಸುತ್ತದೆ. ಸೋರುವ ದುಗ್ಧನಾಳಗಳನ್ನೇ ಹುಡುಕಿ ಮುಚ್ಚುವ ಚಿಕಿತ್ಸೆಯೂ ಈಚೆಗೆ ಬಂದಿದೆ.

ಹದಿಹರೆಯದವರ ಜೊತೆ ಇನ್ನೊಂದು ಸಮಸ್ಯೆ. "ಹೇಗಿದ್ದೀಯ?" ಎಂದರೆ "ಚೆನ್ನಾಗಿದ್ದೀನಿ" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಎರಡು ಪಂಪಿನ ದೇಹ ಹೇಗಿರುತ್ತದೆಂದು ಅವರಿಗೆ ಗೊತ್ತೇ ಇಲ್ಲ. ಶಕ್ತಿ ಮೆಲ್ಲಮೆಲ್ಲಗೆ ಇಳಿದರೆ ಆಟವನ್ನೂ ಮೆಲ್ಲಮೆಲ್ಲಗೆ ಬಿಟ್ಟುಬಿಡುತ್ತಾರೆ, ಮನೆಯವರಿಗೆ ಓದಿನ ಕಡೆ ಗಮನ ಬಂತು ಎನ್ನಿಸುತ್ತದೆ. ಬಾಯಿಮಾತಿಗಿಂತ ಟ್ರೆಡ್‌ಮಿಲ್ಲಿನ ಅಂಕಿ ವಾಸಿ. ಹಾಗೆಂದು ಆಟ ಬಿಡಿಸುವುದು ತಪ್ಪು. ಕಾಲಿನ ಮಾಂಸಖಂಡವೇ ಇವರಿಗೆ ಉಳಿದಿರುವ ಎರಡನೆಯ ಪಂಪು. ಮೀನಖಂಡ, ತೊಡೆಗಳನ್ನು ಬಲಪಡಿಸುವ ವ್ಯಾಯಾಮದಿಂದ ಹೃದಯಕ್ಕೆ ಮರಳುವ ರಕ್ತ ಹೆಚ್ಚುತ್ತದೆ ಎಂದು ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿದೆ. ಉಸಿರು ಬಿಗಿಹಿಡಿದು ಭಾರ ಎತ್ತುವುದು ಮಾತ್ರ ಬೇಡ, ಎದೆಯೊಳಗಿನ ಒತ್ತಡ ಏರಿದರೆ ರಕ್ತ ಒಳಬರುವುದೇ ನಿಂತೀತು. ಯಾವುದೇ ಆಪರೇಷನ್ನಿಗೆ, ಅದು ಅಪೆಂಡಿಕ್ಸಿನದೇ ಆಗಿರಲಿ, ಮುಂಚೆ ಅರಿವಳಿಕೆ ವೈದ್ಯರಿಗೆ ವಿಷಯ ತಿಳಿಸಬೇಕಾದುದೂ ಇದೇ ಕಾರಣಕ್ಕೆ. ವೆಂಟಿಲೇಟರ್ ಗಾಳಿಯನ್ನು ಸೆಳೆಯುವುದಿಲ್ಲ, ಒಳಕ್ಕೆ ದೂಡುತ್ತದೆ. ವಾಂತಿ, ಭೇದಿ, ಡೆಂಗಿಯಲ್ಲಿ ದೇಹದ ನೀರು ಆರಿದರೂ ಇವರ ರಕ್ತಪರಿಚಲನೆ ಬೇಗ ಕುಸಿಯುತ್ತದೆ.

ರಕ್ತ ನಿಧಾನವಾಗಿ ಹರಿಯುವುದರಿಂದ ಹೆಪ್ಪುಗಟ್ಟುವ ಭಯ ಸದಾ ಇದೆ. ಆಸ್ಪಿರಿನ್ ಅಥವಾ ವಾರ್ಫರಿನ್ ಕೊಡುವುದು ಅದಕ್ಕೇ. ವಾರ್ಫರಿನ್ ತೆಗೆದುಕೊಳ್ಳುವ ಹುಡುಗಿಗೆ ಮುಟ್ಟಿನಲ್ಲಿ ರಕ್ತ ವಿಪರೀತ ಹೋಗಬಹುದು. ಅದನ್ನು ತಡೆಯಲೆಂದು ಯಾರೋ ಈಸ್ಟ್ರೋಜನ್ ಇರುವ ಮಾತ್ರೆ ಬರೆದುಕೊಟ್ಟರೆ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಇಂಥದ್ದನ್ನೆಲ್ಲ ತಾಯಿಗೆ ಮಾತ್ರ ಹೇಳಿ ಮುಗಿಸುವ ರೂಢಿ ನಮ್ಮಲ್ಲಿದೆ. ಹುಡುಗಿಗೇ ನೇರವಾಗಿ ಹೇಳಬೇಕು. ಮುಂದೆ ಗರ್ಭಿಣಿಯಾದರೆ ಗರ್ಭಪಾತದ ಸಂಭವ ಹೆಚ್ಚು ಎಂಬುದನ್ನೂ ಮದುವೆಯ ಮಾತು ಬರುವ ಮೊದಲೇ ಅವಳು ತಿಳಿದಿರಬೇಕು.

ಈಗಿನ ವಿಧಾನದಲ್ಲಿ ಫಾಂಟಾನ್ ಆದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಆಪರೇಷನ್ ಆದ ಮೇಲೆ ಇಪ್ಪತ್ತು ವರ್ಷ ದಾಟುತ್ತಾರೆ. ಪಂಪು ಸೋತರೆ, ಅಥವಾ ಪ್ರೋಟೀನ್ ಸೋರಿಕೆ ನಿಲ್ಲದಿದ್ದರೆ, ಉಳಿಯುವ ದಾರಿ ಹೃದಯದ ಕಸಿ. ಆಗ ವೈದ್ಯರು ಮತ್ತೆ ಲಿವರಿನ ಹಳೆಯ ಸ್ಕ್ಯಾನುಗಳನ್ನು ಹರಡಿಕೊಂಡು ಕೂರುತ್ತಾರೆ. ನಾರುಗಟ್ಟಿದ್ದು ಮಿತಿಯಲ್ಲಿದ್ದರೆ ಹೃದಯವೊಂದೇ ಸಾಕು. ಮಿತಿ ಮೀರಿದ್ದರೆ ಹೃದಯದ ಜೊತೆ ಲಿವರನ್ನೂ ಬದಲಿಸಬೇಕಾಗುತ್ತದೆ, ಅಂಥ ಜೋಡಿ ಕಸಿ ಸಿಗುವುದು ಬೆರಳೆಣಿಕೆಯಷ್ಟು ಆಸ್ಪತ್ರೆಗಳಲ್ಲಿ.